ಹಸಿರು ಟಿಕ್ ಬಂತು, ದುಡ್ಡು ಬರಲಿಲ್ಲ

ಮಗಳ ಡೈರಿಗೆ ಪಿನ್ ಹೊಡೆದು ಒಂದು ಚೀಟಿ ಕಳಿಸಿದ್ದರು. 2024ರ ಜೂನ್ 11, ಮಂಗಳವಾರ. ‘ಮೊದಲ ಕಂತಿನ ಫೀಸು ಬಾಕಿ ಇದೆ. ಇಂದಿನಿಂದ ದಿನಕ್ಕೆ 50 ರೂಪಾಯಿ ದಂಡ’ ಅಂತ ಅದರಲ್ಲಿತ್ತು. ಕೆಳಗೆ ಶಾಲೆಯ ಸೀಲು. ಮಗಳು ನಾಲ್ಕನೇ ಕ್ಲಾಸು. ಚೀಟಿಯನ್ನು ನನ್ನ ಕೈಗೆ ಕೊಟ್ಟು, ‘ಅಪ್ಪಾ, ನಂದೊಂದೇ ಅಲ್ಲ, ಇನ್ನೂ ಮೂರು ಜನಕ್ಕೆ ಕೊಟ್ಟಿದ್ದಾರೆ’ ಅಂದಳು. ನನಗೆ ಸಮಾಧಾನ ಮಾಡುವ ಹಾಗೆ.

ನಾನು ನಕ್ಕುಬಿಟ್ಟೆ. ಯಾಕೆಂದರೆ ಫೀಸು ಕಟ್ಟಿ ಆಗಲೇ ಎಂಟು ದಿನ ಆಗಿತ್ತು. ಜೂನ್ 3ರ ರಾತ್ರಿ ಕಟ್ಟಿದ್ದು. ಮಾರನೇ ದಿನ ಲೋಕಸಭೆ ಚುನಾವಣೆಯ ಎಣಿಕೆ ಇತ್ತಲ್ಲ, ಹಾಗಾಗಿ ದಿನ ಚೆನ್ನಾಗಿ ನೆನಪಿದೆ. ಟಿವಿಯಲ್ಲಿ ಯಾರಿಗೆ ಎಷ್ಟು ಸೀಟು ಅಂತ ಜಗಳ ನಡೆಯುತ್ತಿತ್ತು. ನಾನು ಸೋಫಾದಲ್ಲಿ ಕಾಲು ಚಾಚಿಕೊಂಡು, ಮೊಬೈಲಿನಲ್ಲೇ 62,000 ರೂಪಾಯಿ ಫೀಸನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟಿದ್ದೆ. ಒಟಿಪಿ ಬಂತು, ಹಾಕಿದೆ, ಹಸಿರು ಟಿಕ್ ಬಂತು. ಬ್ಯಾಂಕಿನ ಎಸ್‌ಎಂಎಸ್ ಕೂಡ ಬಂತು. ಇನ್ನೇನು ಬೇಕು?

ಕಾರ್ಡಿನಿಂದ ಯಾಕೆ ಕಟ್ಟಿದೆ ಅಂತಲೂ ಹೇಳಿಬಿಡುತ್ತೇನೆ. ಮಕ್ಕಳಿರುವ ಮನೆಯಲ್ಲಿ ಜೂನ್ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಫೀಸು, ಪುಸ್ತಕ, ಯೂನಿಫಾರಂ, ಶೂ, ವ್ಯಾನಿನವರ ಅಡ್ವಾನ್ಸು, ಎಲ್ಲ ಒಂದೇ ವಾರದಲ್ಲಿ ಬಂದು ಬಾಗಿಲು ತಟ್ಟುತ್ತವೆ. ನಮ್ಮ ಶಾಲೆಯಲ್ಲಿ ಕಾರ್ಡ್ ಮಷೀನ್ ಇಲ್ಲ. ಚೆಕ್ಕು, ಇಲ್ಲವೇ ಅವರ ಖಾತೆಗೆ ನೇರ ವರ್ಗಾವಣೆ, ಅಷ್ಟೇ. ಆದರೆ ಕೆಲವು ಆ್ಯಪ್‌ಗಳು ಒಂದು ಉಪಾಯ ಮಾಡಿಕೊಟ್ಟಿದ್ದವು. ನಮ್ಮ ಕಾರ್ಡಿನಿಂದ ದುಡ್ಡು ಎಳೆದುಕೊಂಡು, ಶಾಲೆಯ ಅಥವಾ ಮನೆ ಓನರ್‌ನ ಬ್ಯಾಂಕ್ ಖಾತೆಗೆ ತಾವು ಹಾಕುವುದು. ಅದಕ್ಕೆ ಒಂದಿಷ್ಟು ಫೀಸು. ನನಗೆ ಶೇಕಡಾ 1.5 ಅಂದರೆ 930 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 167 ರೂಪಾಯಿ 40 ಪೈಸೆ. ಒಟ್ಟು 63,097 ರೂಪಾಯಿ 40 ಪೈಸೆ ಕಾರ್ಡಿಗೆ ಬಿತ್ತು. ನನ್ನ ಕಾರ್ಡಿನ ಬಿಲ್ಲು 18ಕ್ಕೆ ಬರುತ್ತದೆ, ಕಟ್ಟಬೇಕಾದ್ದು ಮುಂದಿನ ತಿಂಗಳು 8ಕ್ಕೆ. ಅಲ್ಲಿಗೆ ಸುಮಾರು ಸಾವಿರದ ನೂರು ರೂಪಾಯಿ ಕೊಟ್ಟು 35 ದಿನ ಉಸಿರಾಡಲು ಜಾಗ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಇನ್ನೊಂದು ಸಂಬಳ ಬರುತ್ತದಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ಚೀಟಿ ಬಂದ ಮಾರನೇ ದಿನ ಬೆಳಿಗ್ಗೆ ಮೊದಲು ಫೋನ್ ಮಾಡಿದ್ದು ಕಾರ್ಡಿನ ಬ್ಯಾಂಕಿಗೆ. ಆ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ‘ಸರ್, ನಮ್ಮ ಕಡೆಯಿಂದ ಟ್ರಾನ್ಸಾಕ್ಷನ್ ಸಕ್ಸಸ್ ಆಗಿದೆ. ನೀವು ಮರ್ಚೆಂಟನ್ನ ಕೇಳಬೇಕು.’ ಮರ್ಚೆಂಟ್ ಅಂದರೆ ಶಾಲೆ ಅಂದುಕೊಂಡು ನಾನು ಶಾಲೆಯ ಹೆಸರು ಹೇಳಿದೆ. ಆಕೆಗೆ ಆ ಹೆಸರೇ ಕಾಣುತ್ತಿರಲಿಲ್ಲ. ಅವಳ ಪರದೆಯ ಮೇಲೆ ಇದ್ದದ್ದು ಆ್ಯಪಿನ ಹೆಸರು ಮಾತ್ರ.

ಇಡೀ ಕಥೆಯ ಕೀಲಿ ಇಲ್ಲೇ ಇದೆ. ನನಗೆ ಅರ್ಥವಾಗಲು ಹತ್ತು ದಿನ ಹಿಡಿಯಿತು. ನಾವು ಒಂದು ಸಲ ಬಟನ್ ಒತ್ತುತ್ತೇವೆ, ಒಂದೇ ಪಾವತಿ ಅಂದುಕೊಳ್ಳುತ್ತೇವೆ. ಅದು ಒಂದಲ್ಲ, ಎರಡು. ಮೊದಲನೆಯದು ನನ್ನ ಕಾರ್ಡಿನಿಂದ ಆ್ಯಪಿನವರಿಗೆ. ಅದು ಅಂಗಡಿಯಲ್ಲಿ ಫ್ರಿಜ್ ಕೊಂಡ ಹಾಗೆ, ಒಂದು ಕಾರ್ಡ್ ಖರೀದಿ. ಎರಡನೆಯದು ಆ್ಯಪಿನವರ ಖಾತೆಯಿಂದ ಶಾಲೆಯ ಖಾತೆಗೆ. ಅದು ಮಾಮೂಲಿ ಬ್ಯಾಂಕ್ ವರ್ಗಾವಣೆ, ನೆಫ್ಟ್ ಅಥವಾ ಐಎಂಪಿಎಸ್. ಹಸಿರು ಟಿಕ್ ಹೇಳುವುದು ಮೊದಲನೆಯದರ ಬಗ್ಗೆ ಮಾತ್ರ. ಕಾರ್ಡ್ ಬ್ಯಾಂಕಿಗೆ ಎರಡನೆಯದರ ಗೊಡವೆಯೇ ಇಲ್ಲ. ಅವರ ಮಟ್ಟಿಗೆ ಫ್ರಿಜ್ ಮಾರಾಟ ಆಗಿದೆ, ಮುಗಿಯಿತು.

ದಿನಕ್ಕೆ 100 ರೂಪಾಯಿ ಪರಿಹಾರದ ಮಾತು ಎತ್ತಿ ನಾನು ಮೂಗು ಒಡೆಸಿಕೊಂಡದ್ದೂ ಇದೇ ಕಾರಣಕ್ಕೆ. ಆರ್‌ಬಿಐ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿದೆ. ಆನ್‌ಲೈನಿನಲ್ಲಿ ಕಾರ್ಡಿನಿಂದ ದುಡ್ಡು ಹೋಗಿ, ವ್ಯಾಪಾರಿಯ ಕಡೆ ಖಾತ್ರಿ ಬರದಿದ್ದರೆ, ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ಗ್ರಾಹಕನಿಗೆ ದಿನಕ್ಕೆ 100 ರೂಪಾಯಿ. ವಾಟ್ಸಾಪಿನಲ್ಲಿ ಇದನ್ನು ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. ನಾನೂ ಬ್ಯಾಂಕಿನವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆದರೆ ನನ್ನ ಪ್ರಕರಣದಲ್ಲಿ ವ್ಯಾಪಾರಿಗೆ, ಅಂದರೆ ಆ್ಯಪಿಗೆ, ಖಾತ್ರಿ ಹೋಗಿತ್ತು! ಕೆಟ್ಟದ್ದು ಎರಡನೇ ಪಾವತಿ. ಅಲ್ಲಿ ನಾನು ಗ್ರಾಹಕನೇ ಅಲ್ಲ. ಅಲ್ಲಿ ದುಡ್ಡು ಕಳಿಸಿದವರು ಆ್ಯಪಿನವರು, ಪಡೆಯಬೇಕಾದವರು ಶಾಲೆಯವರು. ದುಡ್ಡು ನನ್ನದು, ಆದರೆ ಆ ವರ್ಗಾವಣೆಯ ಕಾಗದದಲ್ಲಿ ನನ್ನ ಹೆಸರಿಗೆ ಜಾಗವಿಲ್ಲ.

ಆ್ಯಪಿನವರಿಗೆ ಫೋನ್ ನಂಬರ್ ಇರಲಿಲ್ಲ. ಚಾಟ್ ಮಾತ್ರ. 13ರಂದು ಉತ್ತರ ಬಂತು. ‘ನಿಮ್ಮ ಪಾವತಿಯನ್ನು ಯಶಸ್ವಿಯಾಗಿ ವರ್ಗಾಯಿಸಲಾಗಿದೆ. ಯುಟಿಆರ್ ನಂಬರ್ ಇಂತಿದೆ. ದಯವಿಟ್ಟು ಈ ನಂಬರನ್ನು ಶಾಲೆಗೆ ಕೊಡಿ.’ ಟಿಕೆಟ್ ಮುಚ್ಚಿಯೂ ಬಿಟ್ಟರು. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ. ಅಲ್ಲಿಯತನಕ ನನ್ನ ಹತ್ತಿರ ಇದ್ದದ್ದು ಆ್ಯಪಿನದೇ ಆದ ಒಂದು ಉದ್ದದ ಟ್ರಾನ್ಸಾಕ್ಷನ್ ಐಡಿ. ಅದು ಅವರ ಅಂಗಡಿಯ ಟೋಕನ್ ಇದ್ದ ಹಾಗೆ. ಬೇರೆ ಯಾವ ಬ್ಯಾಂಕಿನಲ್ಲೂ ಅದನ್ನು ಹಾಕಿ ಹುಡುಕಲು ಆಗುವುದಿಲ್ಲ. ಯುಟಿಆರ್ ಹಾಗಲ್ಲ. ಅದು ಎರಡು ಬ್ಯಾಂಕುಗಳ ನಡುವಿನ ವರ್ಗಾವಣೆಯ ನಂಬರು, ಎರಡೂ ಕಡೆ ಸಿಗುತ್ತದೆ.

14ರಂದು ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಅಕೌಂಟ್ಸ್ ಮೇಡಂ ಕನ್ನಡಕ ಸರಿಮಾಡಿಕೊಂಡು, ಜೂನ್ ತಿಂಗಳ ಸ್ಟೇಟ್‌ಮೆಂಟನ್ನು ಸ್ಕೇಲ್ ಇಟ್ಟು ಸಾಲು ಸಾಲಾಗಿ ನೋಡಿದರು. ಇಲ್ಲ. ಯುಟಿಆರ್ ಹಾಕಿ ಕಂಪ್ಯೂಟರಿನಲ್ಲೂ ಹುಡುಕಿದರು. ಇಲ್ಲ. 62,000 ಅಂತ ಹುಡುಕಿದರೆ ಏಳು ಸಿಕ್ಕವು, ಏಳೂ ಬೇರೆ ಮಕ್ಕಳದ್ದು. ‘ನಮಗೆ ಬಂದಿದ್ರೆ ನಾವ್ಯಾಕೆ ಸರ್ ಚೀಟಿ ಕಳಿಸ್ತೀವಿ?’ ಅಂದರು. ನ್ಯಾಯವಾದ ಮಾತು.

ಆ್ಯಪಿನವರು ಕಳಿಸಿದ್ದೇವೆ ಅಂತಾರೆ, ನಂಬರ್ ಕೊಡ್ತಾರೆ. ಶಾಲೆಯವರು ಬಂದಿಲ್ಲ ಅಂತಾರೆ, ಸ್ಟೇಟ್‌ಮೆಂಟ್ ತೋರಿಸ್ತಾರೆ. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ವಾರ ನಾನು ಮನೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದಳು: ‘ಇಬ್ಬರೂ ನಿಜ ಹೇಳ್ತಿದ್ರೆ?’

ಅವಳ ಮಾತೇ ನಿಜವಾಯಿತು. 17ಕ್ಕೆ ಬಕ್ರೀದ್ ರಜೆ. 18ಕ್ಕೆ ಕಾರ್ಡಿನ ಬಿಲ್ಲು ಬಂತು, 63,097 ರೂಪಾಯಿ 40 ಪೈಸೆ ಅದರಲ್ಲಿ ಸೇರಿಕೊಂಡು. 20ಕ್ಕೆ ಮತ್ತೆ ಶಾಲೆಗೆ ಹೋದೆ. ಮೇಡಂ ಈ ಸಲ ಒಂದು ಒಳ್ಳೆ ಕೆಲಸ ಮಾಡಿದರು. ‘ಎಲ್ಲಿ ಸರ್, ನಿಮ್ಮ ಆ್ಯಪಿನ ರಸೀದಿ ಕೊಡಿ’ ಅಂತ ನನ್ನ ಮೊಬೈಲನ್ನೇ ಇಸಿದುಕೊಂಡರು. ರಸೀದಿಯ ಕೆಳಗೆ, ಚಿಕ್ಕ ಅಕ್ಷರದಲ್ಲಿ, ಶಾಲೆಯ ಹೆಸರಿನ ಪಕ್ಕ ಖಾತೆಯ ಕೊನೆಯ ನಾಲ್ಕು ಅಂಕಿ ಇತ್ತು. ಅದನ್ನು ದೊಡ್ಡದು ಮಾಡಿ ನೋಡಿದರು. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, ‘ಅಯ್ಯೋ, ಇದು ಹಳೇ ಅಕೌಂಟು ಸರ್. ಮಾರ್ಚಲ್ಲೇ ಕ್ಲೋಸ್ ಮಾಡಿದ್ವಲ್ಲ. ಮೇ ತಿಂಗಳಲ್ಲಿ ಸರ್ಕ್ಯುಲರ್ ಕಳಿಸಿದ್ವಿ’ ಅಂದರು.

ಕಳಿಸಿದ್ದರು. ಆಮೇಲೆ ಹುಡುಕಿದರೆ ವಾಟ್ಸಾಪ್ ಗ್ರೂಪಿನಲ್ಲಿ ಬೇಸಿಗೆ ಶಿಬಿರದ ಫೋಟೋಗಳ ನಡುವೆ ಒಂದು ಪಿಡಿಎಫ್ ಇತ್ತು. ನಾನು ತೆರೆದೇ ಇರಲಿಲ್ಲ. ಆ್ಯಪಿನಲ್ಲಿ ಹೋದ ವರ್ಷ ಹಾಕಿದ ಖಾತೆ ಸೇವ್ ಆಗಿತ್ತು. ಶಾಲೆಯ ಹೆಸರು ಕಂಡಿತು, ಒತ್ತಿದೆ. ಹಾಗಾಗಿ ಮೊದಲ ತಪ್ಪು ನನ್ನದೇ. ಇದನ್ನು ಒಪ್ಪಿಕೊಳ್ಳದೆ ಮುಂದಿನದನ್ನು ಬರೆದರೆ ಸರಿಯಾಗುವುದಿಲ್ಲ.

ಆದರೂ ಪ್ರಶ್ನೆ ಉಳಿಯುತ್ತದೆ ಅಲ್ವಾ? ಮುಚ್ಚಿದ ಖಾತೆಗೆ ಕಳಿಸಿದ ದುಡ್ಡು ಎಲ್ಲಿ ಹೋಯಿತು? ಖಾತೆಯೇ ಇಲ್ಲದ ಮೇಲೆ ಅಲ್ಲಿ ಕೂತಿರಲು ಸಾಧ್ಯವಿಲ್ಲ. ಆ ದಿನ ಶಾಲೆಗೆ ಚೆಕ್ ಬರೆದುಕೊಟ್ಟೆ. ಸೇವಿಂಗ್ಸಿನಲ್ಲಿ ಇದ್ದದ್ದೆಲ್ಲ ಹೋಯಿತು. ಹತ್ತು ದಿನದ ದಂಡ 500 ರೂಪಾಯಿ ಬೇರೆ. ಮೇಡಂಗೆ ಪಾಪ, ಬಿಡುವ ಅಧಿಕಾರ ಇರಲಿಲ್ಲ.

ಮಾರನೇ ದಿನ ಶಾಲೆಯ ಹಳೇ ಬ್ಯಾಂಕಿನ ಬ್ರಾಂಚಿಗೆ ಹೋದೆ. ಅಲ್ಲಿದ್ದ ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ‘ನೀವು ನಮ್ಮ ಗ್ರಾಹಕರಲ್ಲ, ಹಾಗಾಗಿ ಪ್ರಿಂಟ್ ಕೊಡಕ್ಕಾಗಲ್ಲ’ ಅಂತ ಮೊದಲೇ ಹೇಳಿದರು. ಆದರೆ ಯುಟಿಆರ್ ಬರೆದಿದ್ದ ಚೀಟಿ ತೆಗೆದುಕೊಂಡು ನನಗೊಂದು ಪಾಠ ಮಾಡಿದರು. ನೆಫ್ಟಿನ ಯುಟಿಆರ್ 16 ಅಕ್ಷರದ್ದು. ಮೊದಲ ನಾಲ್ಕು ಅಕ್ಷರ ಕಳಿಸಿದ ಬ್ಯಾಂಕಿನದು. ನನ್ನದರ ಮಧ್ಯೆ 24157 ಅಂತ ಇತ್ತು. ಪೆನ್ನಿನಿಂದ ಅದರ ಸುತ್ತ ಗೀಟು ಹಾಕಿದರು. ‘24 ಅಂದ್ರೆ 2024. 157 ಅಂದ್ರೆ ವರ್ಷದ 157ನೇ ದಿನ.’ ಟೇಬಲ್ ಕ್ಯಾಲೆಂಡರಿನಲ್ಲಿ ಎಣಿಸಿದೆವು. ಫೆಬ್ರವರಿಗೆ 29 ದಿನ ಇದ್ದ ವರ್ಷ. ಜೂನ್ 5. ಅಲ್ಲಿಗೆ ಆ್ಯಪಿನವರು ಜೂನ್ 5ರಂದು ನಿಜವಾಗಿಯೂ ದುಡ್ಡು ಕಳಿಸಿದ್ದರು.

ಅವರು ಕಂಪ್ಯೂಟರಿನಲ್ಲಿ ಆ ದಿನ ಒಳಬಂದ ನೆಫ್ಟ್‌ಗಳನ್ನು ನೋಡಿದರು. ‘ಬಂದಿದೆ ಸರ್. ಅಕೌಂಟ್ ಕ್ಲೋಸ್ಡ್ ಅಂತ ಅವತ್ತೇ ರಿಟರ್ನ್ ಹೋಗಿದೆ.’

ಇಷ್ಟೇ. ಹತ್ತು ದಿನ ನಾನು ಹುಡುಕುತ್ತಿದ್ದ ದುಡ್ಡು ಬಂದ ದಿನವೇ ಬಂದ ದಾರಿಯಲ್ಲೇ ವಾಪಸ್ ಹೋಗಿತ್ತು. ನೆಫ್ಟಿನ ನಿಯಮವೇ ಹಾಗೆ. ದುಡ್ಡು ಅರ್ಧ ಗಂಟೆಗೊಂದು ಬ್ಯಾಚಿನಲ್ಲಿ ಹೋಗುತ್ತದೆ. ತಲುಪಿದ ಬ್ಯಾಂಕಿಗೆ ಅದನ್ನು ಖಾತೆಗೆ ಹಾಕಲು ಆಗದಿದ್ದರೆ, ಆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಕಳಿಸಿದ ಬ್ಯಾಂಕಿಗೆ ಮರಳಿಸಬೇಕು. ಖಾತೆಗೆ ಸೇರಿದರೆ ಆ ಖಾತ್ರಿಯೂ ಕಳಿಸಿದವರಿಗೇ ಹೋಗುತ್ತದೆ. ನೀವು ಮನೆಯಿಂದ ಯಾರಿಗಾದರೂ ನೆಫ್ಟ್ ಮಾಡಿದಾಗ ಸ್ವಲ್ಪ ಹೊತ್ತಿಗೆ ‘ಸ್ವೀಕರಿಸುವವರ ಖಾತೆಗೆ ಜಮಾ ಆಗಿದೆ’ ಅಂತ ಮೆಸೇಜ್ ಬರುತ್ತದಲ್ಲ, ಅದೇ. ನನ್ನ ವಿಷಯದಲ್ಲಿ ಕಳಿಸಿದವರು ಆ್ಯಪಿನವರು. ಹಾಗಾಗಿ ಸೇರಿತು ಅನ್ನುವ ಸುದ್ದಿಯಾಗಲಿ, ವಾಪಸ್ ಬಂತು ಅನ್ನುವ ಸುದ್ದಿಯಾಗಲಿ ಅವರಿಗೆ ಮಾತ್ರ ಹೋಗುವಂಥದ್ದು.

ಅಂದರೆ ಯುಟಿಆರ್ ಅನ್ನುವುದು ದುಡ್ಡು ಹೊರಟಿತು ಅನ್ನುವುದಕ್ಕೆ ಸಾಕ್ಷಿ. ತಲುಪಿತು ಅನ್ನುವುದಕ್ಕಲ್ಲ. ನಾನು ಇದನ್ನು ಬಸ್ಸಿನ ಟಿಕೆಟ್ಟಿಗೆ ಹೋಲಿಸಿ ಹೆಂಡತಿಗೆ ಹೇಳಿದೆ. ಟಿಕೆಟ್ ಇದೆ ಅಂದರೆ ಬಸ್ ಹತ್ತಿದ್ದು ನಿಜ, ಊರಲ್ಲಿ ಇಳಿದನೋ ಇಲ್ಲವೋ ಟಿಕೆಟ್ ಹೇಳಲ್ಲ. ಅವಳು ‘ಹಾಗಾದ್ರೆ ನಾನು ಕೇಳಿದ್ದು ಸರಿ’ ಅಂದಳು.

ಹಾಗಾದರೆ ಆ್ಯಪಿನವರು ಯಾಕೆ ‘ಯಶಸ್ವಿ’ ಅಂತಲೇ ತೋರಿಸುತ್ತಿದ್ದರು? ಈ ಪೇಮೆಂಟ್ ವ್ಯವಹಾರದಲ್ಲೇ ಕೆಲಸ ಮಾಡುವ ಗೆಳೆಯನೊಬ್ಬ ಇದ್ದಾನೆ. ಅವನು ವಿವರಿಸಿದ. ಇಂಥ ಆ್ಯಪ್‌ಗಳು ಎಷ್ಟೋ ಸಲ ತಾವೇ ದುಡ್ಡು ಕಳಿಸುವುದಿಲ್ಲ, ಇನ್ನೊಂದು ಕಂಪನಿಯ ಮೂಲಕ ಅದರ ಬ್ಯಾಂಕಿನಿಂದ ಕಳಿಸುತ್ತವೆ. ಆ ಕಂಪನಿಯ ಸಿಸ್ಟಂ ಒಂದೊಂದು ವರ್ಗಾವಣೆಗೂ ಒಂದೊಂದು ಸ್ಥಿತಿ ಹೇಳುತ್ತದೆ. ಬ್ಯಾಂಕ್ ದುಡ್ಡು ಕಳಿಸಿದ ಕೂಡಲೇ `processed` ಅನ್ನುತ್ತದೆ. ಆಮೇಲೆ ದುಡ್ಡು ಮರಳಿ ಬಂದರೆ ಅದೇ ವರ್ಗಾವಣೆಗೆ `reversed` ಅನ್ನುತ್ತದೆ. ಮೊದಲ ಮಾತು ಕೇಳಿಸಿಕೊಂಡು ಹಸಿರು ಬಣ್ಣ ಬಳಿದ ಆ್ಯಪು ಎರಡನೇ ಮಾತನ್ನು ಕೇಳಿಸಿಕೊಳ್ಳದಿದ್ದರೆ, ದುಡ್ಡು ಅವರ ಖಾತೆಯಲ್ಲಿ ಅನಾಮಿಕವಾಗಿ ಕೂತಿರುತ್ತದೆ. ಸಾವಿರಾರು ಎಂಟ್ರಿಗಳ ನಡುವೆ ಯಾರಾದರೂ ಲೆಕ್ಕ ತಾಳೆ ಹಾಕುವ ತನಕ. ‘ಐಎಂಪಿಎಸ್ ಆಗಿದ್ರೆ ಸಾಮಾನ್ಯವಾಗಿ ಆಗಲೇ ಫೇಲ್ ಅಂತ ಬಂದಿರೋದು ಕಣೋ. ನೆಫ್ಟ್ ಆಗಿದ್ದಕ್ಕೆ ಈ ಗೋಳು’ ಅಂದ. ನನ್ನ ಆ್ಯಪಿನಲ್ಲಿ ಆದದ್ದು ಇದೇ ಅಂತ ಅವರು ಯಾವತ್ತೂ ಬರೆದುಕೊಡಲಿಲ್ಲ. ಆದರೆ ಆಮೇಲೆ ಅವರಿಂದ ಬಂದ ಉತ್ತರಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಬೇಗ ಫೇಲ್ ಆಗುವುದು ಎಷ್ಟು ಒಳ್ಳೆಯದು ಅನ್ನುವುದಕ್ಕೆ ನನ್ನ ಸಹೋದ್ಯೋಗಿಯ ಬಾಡಿಗೆಯ ಕಥೆ ಇದೆ. ಅವನ ಮನೆ ಓನರ್ ಮಣಿಪಾಲದ ಕಡೆಯವರು. ಅವರ ಖಾತೆ ಸಿಂಡಿಕೇಟ್ ಬ್ಯಾಂಕಿನದು. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. SYNB ಅಂತ ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈ 1ರಿಂದ ನಿಂತವು. ಬದಲಿಗೆ CNRB ಕೋಡು. ಇವನು ಆ ತಿಂಗಳು ಹಳೇ ಕೋಡಿನಲ್ಲೇ ಕಾರ್ಡಿನಿಂದ ಬಾಡಿಗೆ ಕಟ್ಟಿದ. ಆ ಕೋಡಿಗೆ ಬ್ಯಾಂಕೇ ಇಲ್ಲ, ಹಾಗಾಗಿ ದುಡ್ಡು ಹೊರಡಲೇ ಇಲ್ಲ. ಆ್ಯಪಿಗೆ ತಕ್ಷಣ ಗೊತ್ತಾಯಿತು, ನಾಲ್ಕು ದಿನದಲ್ಲಿ ಕಾರ್ಡಿಗೆ ವಾಪಸ್ ಬಂತು. ಓನರ್ ಅಂಕಲ್ ‘ನಮ್ಮ ಬ್ಯಾಂಕಿನ ಹೆಸರೇ ಹೋಯ್ತು ಮಾರಾಯ, ಬಾಡಿಗೆ ನಾಲ್ಕು ದಿನ ತಡ ಆದ್ರೆ ಏನು’ ಅಂದರಂತೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಖಾತೆಯ ನಂಬರಿನಲ್ಲಿ ಒಂದು ಅಂಕಿ ತಪ್ಪಿ, ಆ ತಪ್ಪು ನಂಬರಿನಲ್ಲಿ ಯಾರದೋ ಖಾತೆ ಇದ್ದುಬಿಟ್ಟರೆ, ದುಡ್ಡು ಆರಾಮಾಗಿ ಅವರಿಗೆ ಸೇರುತ್ತದೆ. ನೆಫ್ಟಿನಲ್ಲಿ ಜಮಾ ಮಾಡುವುದು ಖಾತೆ ನಂಬರ್ ನೋಡಿಯೇ ಹೊರತು ಹೆಸರು ನೋಡಿ ಅಲ್ಲ. ಆಗ ರಿಟರ್ನ್ ಬರುವುದಿಲ್ಲ, ಪಡೆದವರ ಒಪ್ಪಿಗೆ ಬೇಕು. 2025ರ ಏಪ್ರಿಲ್‌ನಿಂದ ಬ್ಯಾಂಕುಗಳು ನೆಫ್ಟ್ ಮಾಡುವ ಮುಂಚೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಕೊಡಬೇಕು ಅಂತ ಆರ್‌ಬಿಐ ಹೇಳಿದೆ. ನನ್ನಂಥವರಿಗೇ ಮಾಡಿದ್ದು ಅನ್ನಿಸುತ್ತದೆ.

ನನ್ನ ಕಥೆಗೆ ಬರುತ್ತೇನೆ. ಬ್ಯಾಂಕಿನ ಅಧಿಕಾರಿ ಬಾಯಲ್ಲಿ ಹೇಳಿದ್ದು ಸರಿ, ಆದರೆ ಅದನ್ನು ಆ್ಯಪಿನವರ ಚಾಟಿನಲ್ಲಿ ಬರೆದರೆ ಯಾರು ನಂಬುತ್ತಾರೆ? ಮೇಡಂ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಹಳೇ ಬ್ಯಾಂಕಿಗೆ ಒಂದು ಪತ್ರ ಬರೆದುಕೊಟ್ಟರು. ಹಳೇ ಗ್ರಾಹಕರು ಕೇಳಿದ್ದರಿಂದ ಬ್ಯಾಂಕು 25ರಂದು ಎರಡು ಸಾಲಿನ ಉತ್ತರ ಕೊಟ್ಟಿತು. ಇಂಥ ಯುಟಿಆರ್, ಇಷ್ಟು ಮೊತ್ತ, ಜೂನ್ 5ರಂದು ರಿಟರ್ನ್ ಮಾಡಲಾಗಿದೆ. ಸಹಿ, ಸೀಲು. ಶಾಲೆಯಿಂದ ಇನ್ನೊಂದು ಪತ್ರ: ಈ ಮೊತ್ತ ನಮಗೆ ಬಂದಿಲ್ಲ.

ಆ ಎರಡು ಕಾಗದ ಕೈಗೆ ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಚಾಟ್ ಬಿಟ್ಟೆ. ಇಂಥ ಪಾವತಿ ಕಂಪನಿಗಳು ದೂರಿಗೆ ನೋಡಲ್ ಅಧಿಕಾರಿಯನ್ನು ನೇಮಿಸಿ, ವಿವರವನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಪುಟದ ತೀರಾ ಕೆಳಗೆ, ಕಣ್ಣಿಗೆ ಬೀಳದಂಥ ಜಾಗದಲ್ಲಿ ಆ ಇಮೇಲ್ ಇತ್ತು. ಅದಕ್ಕೆ ಬರೆದೆ. ಅಲ್ಲಿಯವರೆಗೆ ನಾನು ‘ನನ್ನ ದುಡ್ಡು ಎಲ್ಲಿ?’ ಅಂತ ಕೇಳುತ್ತಿದ್ದೆ. ಅದಕ್ಕೆ ಅವರ ಹತ್ತಿರ ಸಿದ್ಧ ಉತ್ತರ ಇತ್ತು. ಈ ಸಲ ಕೇಳಿದ್ದು ಬೇರೆ. ‘ಈ ಯುಟಿಆರಿನ ನೆಫ್ಟ್ ಜೂನ್ 5ರಂದು ನಿಮ್ಮ ಬ್ಯಾಂಕಿಗೆ ರಿಟರ್ನ್ ಆಗಿದೆ. ರಿಟರ್ನ್ ಆದ ಮೊತ್ತ ನಿಮ್ಮ ಖಾತೆಗೆ ಯಾವಾಗ ಜಮಾ ಆಯಿತು? ನನ್ನ ಕಾರ್ಡಿಗೆ ಯಾವ ದಿನ ಮರಳಿಸುತ್ತೀರಿ?’ ಎರಡು ಕಾಗದ ಲಗತ್ತಿಸಿದೆ.

ಅದರ ಮಾರನೇ ದಿನ ಕಾರ್ಡ್ ಬ್ಯಾಂಕಿನಲ್ಲಿ ಡಿಸ್‌ಪ್ಯೂಟನ್ನೂ, ಅಂದರೆ ಈ ಪಾವತಿಯ ಮೇಲೆ ತಕರಾರನ್ನೂ ಹಾಕಿದೆ. ‘ಸೇವೆ ಸಿಕ್ಕಿಲ್ಲ’ ಅನ್ನುವ ಕಾರಣಕ್ಕೆ. ಅದಕ್ಕೆ ಸಾಮಾನ್ಯವಾಗಿ 120 ದಿನದ ಗಡುವು ಇರುತ್ತದೆ, ಹಾಗಾಗಿ ಆ್ಯಪಿನವರು ನಾಳೆ ನಾಡಿದ್ದು ಅಂತ ಎಳೆದಾಡುತ್ತಿದ್ದರೆ ಕಾಯುತ್ತಾ ಕೂರಬಾರದು. ಡಿಸ್‌ಪ್ಯೂಟಿನಲ್ಲಿ ಎದುರು ಪಾರ್ಟಿ ತನ್ನ ಸಾಕ್ಷಿ ಕೊಡುತ್ತದೆ. ಇವರು ಕೊಡುವುದು ಅದೇ ಯುಟಿಆರ್. ಬರೀ ‘ಬಂದಿಲ್ಲ’ ಅಂತ ಬರೆದಿದ್ದರೆ ಸೋಲುತ್ತಿದ್ದೆ. ಬ್ಯಾಂಕಿನ ಎರಡು ಸಾಲು ಇದ್ದದ್ದಕ್ಕೆ ಧೈರ್ಯ. ಮೂವತ್ತು ದಿನದಲ್ಲಿ ಬ್ಯಾಂಕಿನಿಂದ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡುವುದು ಅಂತಲೂ ಬರೆದಿಟ್ಟುಕೊಂಡಿದ್ದೆ. ಅಲ್ಲಿಯ ತನಕ ಹೋಗಲಿಲ್ಲ.

ಜುಲೈ 4ಕ್ಕೆ ಉತ್ತರ ಬಂತು. ‘ಪರಿಶೀಲಿಸಲಾಗಿ, ಮೊತ್ತವು ಹಿಂತಿರುಗಿರುವುದು ಕಂಡುಬಂದಿದೆ. ರೀಫಂಡ್ ಪ್ರಾರಂಭಿಸಲಾಗಿದೆ.’ ಕಂಡುಬಂದಿದೆಯಂತೆ! ಒಂದು ತಿಂಗಳು ತಮ್ಮದೇ ಖಾತೆಯಲ್ಲಿದ್ದದ್ದು. ನಾನು ಸೀದಾ ನನ್ನ ಬ್ಯಾಂಕ್ ಖಾತೆಗೆ ಹಾಕಿ ಅಂತ ಕೇಳಿದೆ, ಆಗಲಿಲ್ಲ. ದುಡ್ಡು ಬಂದ ದಾರಿಯಲ್ಲೇ, ಅಂದರೆ ಕಾರ್ಡಿಗೇ ಹೋಗಬೇಕು ಅಂದರು. ನಿಯಮವೂ ಹಾಗೇ ಇದೆ, ಗ್ರಾಹಕ ಮತ್ತು ಅವರು ಒಪ್ಪಿದರೆ ಮಾತ್ರ ಬೇರೆ ದಾರಿ. 23 ಅಂಕಿಯ ಎಆರ್‌ಎನ್ ನಂಬರ್ ಕೊಟ್ಟರು. ಕಾರ್ಡಿಗೆ ಬರುವ ರೀಫಂಡನ್ನು ಬ್ಯಾಂಕಿನಲ್ಲಿ ಹುಡುಕುವುದು ಆ ನಂಬರಿನಿಂದ.

ಆದರೆ ಬಿಲ್ಲು ಕಟ್ಟುವ ಕೊನೇ ದಿನ ಜುಲೈ 8. ರೀಫಂಡ್ ಇನ್ನೂ ಬಂದಿಲ್ಲ. ಬರುವ ದುಡ್ಡನ್ನು ನಂಬಿಕೊಂಡು ಬಿಲ್ಲಿನಲ್ಲಿ ಅಷ್ಟು ಬಿಟ್ಟು ಕಟ್ಟೋಣವೇ ಅಂತ ಒಂದು ಸಂಜೆ ಯೋಚಿಸಿದೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ನನ್ನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ 3.5, ವರ್ಷಕ್ಕೆ 42. ಬಾಕಿ ಉಳಿಸಿದರೆ ಬಡ್ಡಿ ಶುರುವಾಗುವುದು ಜುಲೈ 8ರಿಂದ ಅಲ್ಲ, ಖರ್ಚು ಮಾಡಿದ ಜೂನ್ 3ರಿಂದ. 63,097 ರೂಪಾಯಿಗೆ ದಿನಕ್ಕೆ ಹತ್ತಿರ ಹತ್ತಿರ 73 ರೂಪಾಯಿ. 35 ದಿನಕ್ಕೆ 2,540ರ ಆಸುಪಾಸು, ಮೇಲೆ ಜಿಎಸ್‌ಟಿ. ಜೊತೆಗೆ ಹೊಸ ಖರ್ಚುಗಳಿಗೂ ಬಡ್ಡಿಯಿಲ್ಲದ ದಿನಗಳು ಹೋಗುತ್ತವೆ. ಬಿಲ್ಲಿನ ಕೊನೇ ದಿನದೊಳಗೆ ರೀಫಂಡ್ ಬಂದರೆ, ಬ್ಯಾಂಕು ಅದನ್ನು ಕಟ್ಟಬೇಕಾದ ಮೊತ್ತದಲ್ಲಿ ಕೂಡಲೇ ಕಳೆಯಬೇಕು ಅಂತ ಆರ್‌ಬಿಐಯ 2022ರ ಕಾರ್ಡ್ ನಿಯಮ ಹೇಳುತ್ತಿತ್ತು. ಆದರೆ ಅದು ಬಂದ ಮೇಲೆ ತಾನೇ? ಪ್ರಾರಂಭಿಸಿದ ರೀಫಂಡಿಗೆ ಬೆಲೆಯಿಲ್ಲ. ಭಾವನ ಹತ್ತಿರ ಇಪ್ಪತ್ತು ಸಾವಿರ ಕೈಗಡ ತೆಗೆದುಕೊಂಡು ಪೂರ್ತಿ ಬಿಲ್ಲು ಕಟ್ಟಿದೆ. ಜುಲೈನ ಆ ವಾರ ನಾನು ಒಂದೇ ಕಂತಿನ ಫೀಸನ್ನು ಎರಡು ಸಲ ಕಟ್ಟಿದ ಅಪ್ಪ.

12ನೇ ತಾರೀಕು, ಶುಕ್ರವಾರ, ರೀಫಂಡ್ ಬಂತು. 62,000 ಮಾತ್ರ. 1,097 ರೂಪಾಯಿ 40 ಪೈಸೆ ಸೇವಾ ಶುಲ್ಕ ಬರುವುದಿಲ್ಲವಂತೆ. ‘ಖಾತೆ ವಿವರ ಕೊಟ್ಟಿದ್ದು ನೀವು’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದ ಒಂದು ಪ್ರಶ್ನೆಗೆ, ವಾಪಸ್ ಬಂದದ್ದನ್ನು ಒಂದು ತಿಂಗಳು ಯಾಕೆ ಹೇಳಲಿಲ್ಲ ಅನ್ನುವುದಕ್ಕೆ, ಅವರ ಹತ್ತಿರ ಉತ್ತರ ಇರಲಿಲ್ಲ.

ಬಿಲ್ಲು ಆಗಲೇ ಕಟ್ಟಿದ್ದರಿಂದ ಕಾರ್ಡಿನಲ್ಲಿ 62,000 ಜಮಾ ಬಾಕಿ ಕೂತಿತು. ಇಷ್ಟು ದೊಡ್ಡ ಮೊತ್ತವನ್ನು ಕಾರ್ಡಿನಲ್ಲೇ ಇಟ್ಟುಕೊಳ್ಳಬೇಕಾದರೆ ಬ್ಯಾಂಕು ನಮ್ಮ ಒಪ್ಪಿಗೆ ಕೇಳಬೇಕು. ಮೆಸೇಜ್ ಬಂತು. ಬೇಡ, ನನ್ನ ಖಾತೆಗೆ ಹಾಕಿ ಅಂದೆ. ಡಿಸ್‌ಪ್ಯೂಟನ್ನು ನಾನೇ ಫೋನ್ ಮಾಡಿ ಮುಚ್ಚಿಸಿದೆ. ಅದನ್ನು ಹಾಗೇ ಬಿಟ್ಟರೆ ಎರಡು ಸಲ ಜಮಾ ಆಗಿ, ಆಮೇಲೆ ಯಾವತ್ತೋ ಒಂದು ದಿನ ಹೇಳದೆ ಕೇಳದೆ ಒಂದನ್ನು ಎಳೆದುಕೊಳ್ಳುತ್ತಾರೆ. ಭಾವನಿಗೆ ದುಡ್ಡು ವಾಪಸ್ ಕೊಟ್ಟಾಗ ‘ಬಡ್ಡಿ?’ ಅಂತ ಕೇಳಿ ನಕ್ಕರು.

ಈಗ ಬಾಡಿಗೆಯನ್ನು ಹೀಗೆ ಕಾರ್ಡಿನಿಂದ ಕಟ್ಟುವುದು ಬಹಳ ಆ್ಯಪ್‌ಗಳಲ್ಲಿ ನಿಂತಿದೆ. 2025ರ ಸೆಪ್ಟೆಂಬರ್ 15ರಂದು ಆರ್‌ಬಿಐ ಪಾವತಿ ಕಂಪನಿಗಳಿಗೆ ಹೊಸ ನಿರ್ದೇಶನ ಕೊಟ್ಟಿತು. ತಮ್ಮ ಜೊತೆ ಒಪ್ಪಂದ ಮಾಡಿಕೊಂಡು, ಕೆವೈಸಿ ಆದ ವ್ಯಾಪಾರಿಗಳ ಪರವಾಗಿ ಮಾತ್ರ ಅವರು ದುಡ್ಡು ಪಡೆಯಬಹುದು. ನಿಮ್ಮ ಮನೆ ಓನರ್ ಅಂಕಲ್ ಯಾವ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ? ಕೆಲವರಿಗೆ ಇದು ಬೇಜಾರು ತಂದಿದೆ, ಪಾಯಿಂಟ್ಸ್ ಹೋಯಿತು, ತಿಂಗಳ ಕೊನೆಯ ಆಸರೆ ಹೋಯಿತು ಅಂತ. ಅವರ ಕಷ್ಟ ನನಗೆ ಗೊತ್ತು, ನಾನೂ ಅದಕ್ಕೇ ಬಳಸಿದ್ದು. ಆದರೆ ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ಪಡೆಯುವವರಿಗೆ ತಾವು ಪಡೆಯಬೇಕಾಗಿದೆ ಅನ್ನುವುದೇ ಗೊತ್ತಿಲ್ಲದಿದ್ದರೆ, ಬರಲಿಲ್ಲ ಅಂತ ಹೇಳುವವರಾದರೂ ಯಾರು? ಶಾಲೆಯೇ ನೋಂದಾಯಿಸಿಕೊಂಡಿದ್ದರೆ ಆ ಮಾತು ಬೇರೆ. ಆಗ ದುಡ್ಡು ಯಾವ ಖಾತೆಗೆ ಹೋಗಬೇಕು ಅಂತ ಹೇಳುವುದು ಶಾಲೆ, ಸೋಫಾದಲ್ಲಿ ಕಾಲು ಚಾಚಿ ಕೂತ ನಾನಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಎರಡನೇ ಕಂತು. ದಸರಾ ರಜೆ ಮುಗಿದು ಶಾಲೆ ಶುರುವಾಗಿತ್ತು. ಚೆಕ್ ಹಿಡಿದುಕೊಂಡು ಕೌಂಟರಿನ ಮುಂದೆ ನಿಂತೆ. ಮೇಡಂ ನನ್ನನ್ನು ನೋಡಿ, ಏನೂ ಕೇಳದೆ, ಚೆಕ್ಕಿನ ಮೇಲಿನ ಹೆಸರು, ದಿನಾಂಕ, ಅಂಕಿ, ಅಕ್ಷರ ಎಲ್ಲದರ ಮೇಲೂ ಪೆನ್ನಿನ ತುದಿ ಆಡಿಸಿದರು. ಆಮೇಲೆ ತಲೆ ಎತ್ತಿ, ‘ಸರ್, ಸಹಿ ಮಾಡಿಲ್ಲ’ ಅಂದರು.